ಚೆಲ್ಲಾಡಿದ ಓದಿನ ಟಿಪ್ಪಣಿಗಳಿಂದ ಮ್ಯಾಟ್ರಿಕ್ಸ್ ಮಾಡೋದು ಹೇಗೆ? ದೇವರಕಾಡಿನ ಓದಿನ ಸುತ್ತ ಒಂದಿಷ್ಟು ಅನುಭವ

ಮಡಿಕೇರಿಯಿಂದ, ಸಂಶೋಧನಾ ವಿದ್ಯಾರ್ಥಿನಿ:
ಕೊಡಗಿನ ದೇವರಕಾಡುಗಳ ಮೇಲೆ ಪಿಎಚ್.ಡಿ. ಮಾಡ್ತಾ ಇದ್ದೇನೆ. ಟಿಪ್ಪಣಿಗಳು ನೋಟ್‌ಬುಕ್ಕಿನಲ್ಲಿ, ಜೆರಾಕ್ಸ್ ಅಂಚಿನಲ್ಲಿ, ಫೋನ್ ಫೋಟೋಗಳಲ್ಲಿ, ನನಗೆ ನಾನೇ ಕಳಿಸಿಕೊಂಡ ವಾಟ್ಸ್ಆ್ಯಪ್ ಮೆಸೇಜುಗಳಲ್ಲಿ ಚೆಲ್ಲಾಡಿವೆ. ಗೈಡ್ "ಸಾಲಿನಲ್ಲಿ ಮೂಲ, ಕಾಲಂನಲ್ಲಿ ವಿಷಯ ಹಾಕಿ ಮ್ಯಾಟ್ರಿಕ್ಸ್ ಮಾಡ್ಕೊಂಡು ಬನ್ನಿ" ಅಂದಿದ್ದಾರೆ. ಕಾಲಂ ಹೆಸರು ಎಲ್ಲಿಂದ ತರೋದು? ಒಂದು ಸೆಲ್‌ನಲ್ಲಿ ಎಷ್ಟು ಬರೆಯೋದು? ಮಾಡಿದವರು ಹೇಳಿ.

ಸೋಮವಾರಪೇಟೆಯಿಂದ:
ಇದಕ್ಕೆಲ್ಲ ಜೊಟೆರೊ ಸಾಫ್ಟ್‌ವೇರ್ ಇದೆಯಲ್ಲ. ಲೇಖನಗಳನ್ನು ಒಳಗೆ ಹಾಕಿ, ಟ್ಯಾಗ್ ಕೊಡಿ, ಮುಗೀತು. ಪರಾಮರ್ಶನ ಪಟ್ಟಿ ತಾನಾಗೇ ಬರುತ್ತೆ. ನಾನು ತೋಟದ ನೆರಳು ಮರಗಳ ಮೇಲೆ ಬರೀತಿದ್ದೇನೆ. ಸಿಲ್ವರ್ ಓಕ್ ಬಗ್ಗೆ ಇದ್ದದ್ದೆಲ್ಲ ಒಂದು ಟ್ಯಾಗ್‌ನಲ್ಲಿ ಕೂತಿದೆ, ಆರಾಮಾಗಿದ್ದೇನೆ. ಎಕ್ಸೆಲ್‌ನಲ್ಲಿ ಸುಮ್ನೆ ಯಾಕೆ ಒದ್ದಾಡ್ತೀರಿ?

ಗೋಣಿಕೊಪ್ಪದಿಂದ:
ಕಾಲಂಗಳನ್ನು ಮೊದಲೇ ನಿಗದಿ ಮಾಡಿಬಿಡಿ. ಲೇಖಕರು, ವರ್ಷ, ಉದ್ದೇಶ, ವಿಧಾನ, ಫಲಿತಾಂಶ, ಮಿತಿ. ಮಧ್ಯದಲ್ಲಿ ಬದಲಾಯಿಸಬೇಡಿ, ಬದಲಾಯಿಸಿದರೆ ಮೊದಲಿಂದ ಓದಬೇಕಾಗುತ್ತೆ. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಹೀಗೇ ಮಾಡಿದ್ದು.

ಪೊನ್ನಂಪೇಟೆಯಿಂದ, ಗೈಡ್ ಆಗಿದ್ದವರು:
ಗೋಣಿಕೊಪ್ಪದವರು ಹೇಳಿದ ಕಾಲಂಗಳು ಬೇಕು, ಆದರೆ ಅವು ಒಂದೊಂದು ಲೇಖನದ ಪರಿಚಯ ಪತ್ರ ಅಷ್ಟೇ. 'ಫಲಿತಾಂಶ' ಅನ್ನೋ ಕಾಲಂ ಕೆಳಗೆ ಒಬ್ಬರು ಹಕ್ಕಿ ಬಗ್ಗೆ, ಇನ್ನೊಬ್ಬರು ಒತ್ತುವರಿ ಬಗ್ಗೆ, ಮತ್ತೊಬ್ಬರು ಹಬ್ಬದ ಬಗ್ಗೆ ಹೇಳಿರ್ತಾರೆ. ಮೇಲಿಂದ ಕೆಳಗೆ ಓದಿದರೆ ಒಂದಕ್ಕೊಂದು ಮಾತೇ ಆಡೋದಿಲ್ಲ. ಗೈಡ್ ಕೇಳಿದ್ದು ವಿಷಯದ ಕಾಲಂ. ವಿಧಾನ, ಸ್ಥಳ, ವರ್ಷ ಇವನ್ನು ಎಡಗಡೆ ಕಿರಿದಾಗಿ ಇಟ್ಟುಕೊಳ್ಳಿ, ಬಲಗಡೆ ವಿಷಯಗಳು ಬರಲಿ.

ವಿಷಯ ನಿಮ್ಮ ಟಿಪ್ಪಣಿಯಿಂದಲೇ ಹುಟ್ಟಬೇಕು. ಮೊದಲು ಸಾಲುಗಳನ್ನಷ್ಟೇ ಮಾಡಿ: ಓದಿದ ಮೂಲಗಳ ಹೆಸರು ಒಂದರ ಕೆಳಗೊಂದು. ಆಮೇಲೆ ನೋಟ್‌ಬುಕ್, ಜೆರಾಕ್ಸ್, ಫೋಟೋ ಎಲ್ಲ ತೆಗೆದು ಪ್ರತಿ ಟಿಪ್ಪಣಿಯ ಪಕ್ಕ ಪೆನ್ಸಿಲ್‌ನಲ್ಲಿ ಎರಡು ಪದ ಬರೆಯಿರಿ: 'ಜಾಗ ಕಡಿಮೆ', 'ಕಾಯೋದು ಯಾರು', 'ತೋಟ ಪಕ್ಕ'. ಐದಾರು ಮೂಲ ಮುಗಿಯೋ ಹೊತ್ತಿಗೆ ಅವೇ ಪದಗಳು ತಿರುಗಿ ಬರೋಕೆ ಶುರುವಾಗುತ್ತೆ. ತಿರುಗಿ ಬಂದವೇ ನಿಮ್ಮ ಕಾಲಂ. ಒಂದೇ ಸಲ ಬಂದದ್ದಕ್ಕೆ ಕಾಲಂ ಬೇಡ, 'ಇತರೆ' ಸಾಕು.

ಮೂಲ ಯಾವುದು ಅಂತ ಗೊತ್ತಿಲ್ಲದ ಟಿಪ್ಪಣಿಗಳು ಖಂಡಿತ ಸಿಗ್ತವೆ. ಅವನ್ನು ಅಂದಾಜಿನ ಮೇಲೆ ಯಾವುದೋ ಸಾಲಿಗೆ ತುರುಕಬೇಡಿ. ಬೇರೆ ಶೀಟ್‌ನಲ್ಲಿ ಕೂರಿಸಿ, ಮೂಲ ಸಿಕ್ಕ ಮೇಲೆ ಒಳಗೆ ತನ್ನಿ.

ಸೆಲ್‌ನಲ್ಲಿ ಒಂದು ಅಥವಾ ಎರಡು ವಾಕ್ಯ, ನಿಮ್ಮ ಮಾತಿನಲ್ಲಿ, ಜೊತೆಗೆ ಪುಟ ಸಂಖ್ಯೆ. ಇನ್ನೊಂದು ಗುರುತು ಕಡ್ಡಾಯ: ಆ ಮಾತು ಅವರೇ ಅಳೆದು, ಎಣಿಸಿ ಹೇಳಿದ್ದೋ, ಬೇರೆಯವರಿಂದ ತಗೊಂಡದ್ದೋ. ನಾನು ಮೊದಲನೆಯದಕ್ಕೆ 'ಸ್ವ', ಎರಡನೆಯದಕ್ಕೆ 'ಉ' ಅಂತ ಹಾಕಿಸ್ತಿದ್ದೆ. ಖಾಲಿ ಸೆಲ್‌ನಲ್ಲೂ ಎರಡು ಬಗೆ ಇವೆ. ಓದಿದೆ, ಏನೂ ಹೇಳಿಲ್ಲ ಅಂದರೆ ಒಂದು ಗೆರೆ. ಇನ್ನೂ ನೋಡಿಲ್ಲ ಅಂದರೆ ಪ್ರಶ್ನಾರ್ಥಕ ಚಿಹ್ನೆ. ಇವೆರಡನ್ನೂ ಬರೀ ಖಾಲಿ ಬಿಟ್ಟರೆ, ಆಮೇಲೆ "ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ" ಅಂತ ಧೈರ್ಯವಾಗಿ ಬರೀತೀರಿ. ನೀವು ಓದಿರೋದಿಲ್ಲ, ಅಷ್ಟೇ.

ಮಡಿಕೇರಿಯಿಂದ:
ಮೇಡಂ, ಧನ್ಯವಾದ. ಪೆನ್ಸಿಲ್ ಕೆಲಸ ಶುರು ಮಾಡಿದೆ. 'ಜಾಗ ಕಡಿಮೆ' ಅನ್ನೋದೇ ಜಾಸ್ತಿ ಸಲ ಬಂದಿದೆ. ಒಂದು ಟಿಪ್ಪಣಿಯಲ್ಲಿ 1905ರಲ್ಲಿ 15,506 ಎಕರೆ ಇದ್ದದ್ದು 1985ಕ್ಕೆ 6,299 ಎಕರೆ ಆಯ್ತು ಅಂತಿದೆ. ಇನ್ನೊಂದರಲ್ಲಿ ಅದೇ ವರ್ಷಗಳಿಗೆ 6,277 ಹೆಕ್ಟೇರಿನಿಂದ 2,550 ಹೆಕ್ಟೇರ್ ಅಂತಿದೆ. ಎರಡು ಮೂಲ ಒಂದೇ ದಿಕ್ಕಿನಲ್ಲಿ ಹೇಳ್ತಿವೆ, ಹಾಗಾದ್ರೆ ಇದು ಗಟ್ಟಿ ಅಂಶ ಅಲ್ವಾ?

ಪೊನ್ನಂಪೇಟೆಯಿಂದ:
ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಒಂದು ಎಕರೆ ಅಂದರೆ 0.4047 ಹೆಕ್ಟೇರ್. 15,506 ಎಕರೆಯನ್ನು ಅದರಿಂದ ಗುಣಿಸಿದರೆ 6,275 ಹೆಕ್ಟೇರ್ ಬರುತ್ತೆ. 6,299 ಎಕರೆ ಅಂದರೆ 2,549 ಹೆಕ್ಟೇರ್. ಒಂದೆರಡು ಹೆಕ್ಟೇರಿನ ವ್ಯತ್ಯಾಸ, ಯಾರೋ ಪರಿವರ್ತನೆ ಮಾಡುವಾಗ ಅಂಕಿ ಸರಿಪಡಿಸಿಕೊಂಡಿದ್ದಾರೆ. ಇಳಿಕೆಯ ಪ್ರಮಾಣ ಎರಡರಲ್ಲೂ ಶೇ. 59. ಎರಡು ಬೇರೆ ಸರ್ವೇಗಳು ಇಷ್ಟು ಒಪ್ಪೋದಿಲ್ಲಮ್ಮ. ಇದು ಒಂದೇ ಅಂಕಿ, ಎರಡು ಉಡುಪಿನಲ್ಲಿ ಬಂದಿದೆ.

ನಿಮ್ಮ ಕಾಲಂನಲ್ಲಿ ಇದು ಎರಡು ಸಾಲಿನಲ್ಲಿ ಕೂತಿರುತ್ತೆ. ಎರಡಕ್ಕೂ 'ಉ' ಬಿದ್ದಿದ್ದರೆ, ಒಂದು ಸಾಕ್ಷಿಯನ್ನು ಇಬ್ಬರು ಹೇಳಿದ್ದಾರೆ ಅಂತ ಕಣ್ಣಿಗೆ ಬೀಳುತ್ತೆ. ಎರಡೂ ಲೇಖನದ ಕೊನೆಯ ಪರಾಮರ್ಶನ ಹಿಡಿದು ಹಿಂದಕ್ಕೆ ಹೋಗಿ. ಮೊದಲು ಎಣಿಸಿದವರು ಸಿಗೋ ತನಕ ಹೋಗಿ, ಅವರಿಗೊಂದು ಸಾಲು ಕೊಡಿ, ಅದು 4ನೇ ಸಾಲು ಅಂತಿಟ್ಟುಕೊಳ್ಳಿ. ಉಳಿದವರ ಸೆಲ್‌ನಲ್ಲಿ 'ಸಾಲು 4ರಿಂದ' ಅಂತ ಬರೆದರೆ ಸಾಕು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಿಂದ 1996ರಲ್ಲಿ ಬಂದ ಕೊಡಗಿನ ದೇವರಕಾಡುಗಳ ಸಾಮಾಜಿಕ ಚರಿತ್ರೆಯ ಅಧ್ಯಯನ ಮೂಲದಲ್ಲೇ ಓದಬೇಕಾದದ್ದು. ಅದನ್ನು ಇನ್ನೊಬ್ಬರ ವಾಕ್ಯದಿಂದ ತಗೋಬೇಡಿ.

ಇನ್ನೂ ಒಂದು. ಆ ಎರಡು ವರ್ಷಗಳು ಯಾಕೆ? 1905ರಲ್ಲಿ ಈ ಕಾಡುಗಳು ಕಂದಾಯ ಇಲಾಖೆಯ ಕೈಗೆ ಹೋದವು, 1985ರಲ್ಲಿ ಅರಣ್ಯ ಇಲಾಖೆಗೆ ವಾಪಸ್ ಬಂದವು. ಅಂದರೆ ಇವು ಕೈ ಬದಲಾದ ವರ್ಷಗಳ ಲೆಕ್ಕ. ನಡುವಿನ 80 ವರ್ಷದಲ್ಲಿ ಕಾಡು ಮೆಲ್ಲಗೆ ಕರಗಿತೋ, ಒಂದೆರಡು ದಶಕದಲ್ಲಿ ಒಟ್ಟಿಗೆ ಹೋಯ್ತೋ, ಈ ಎರಡು ಅಂಕಿ ಹೇಳೋದಿಲ್ಲ. ಅದಕ್ಕೇ 'ಜಾಗ ಕಡಿಮೆ' ಕಾಲಂ ಅನ್ನು ಎರಡಾಗಿ ಒಡೆಯಿರಿ. ಒಂದು 'ಎಷ್ಟು ಕಡಿಮೆಯಾಯ್ತು, ಯಾರು ಅಳೆದರು'. ಇನ್ನೊಂದು 'ಯಾಕೆ ಅಂತಾರೆ'. ಮೊದಲನೆಯದರಲ್ಲಿ ಒಂದೇ ಅಂಕಿ ಸುತ್ತಾಡ್ತಾ ಇರುತ್ತೆ, ಎರಡನೆಯದರಲ್ಲಿ ಕಾರಣಗಳ ಜಗಳ ಕಾಣುತ್ತೆ. ಅಲ್ಲೇ ನಿಮ್ಮ ಅಧ್ಯಾಯ ಇರೋದು.

ಗೋಣಿಕೊಪ್ಪದಿಂದ:
ಮೇಡಂ, ಒಪ್ಪಿದೆ. ಆದರೂ ಕಾಲಂ ಒಡೆದಾಗ ಹಳೇ ಸಾಲುಗಳನ್ನೆಲ್ಲ ಮತ್ತೆ ಓದಬೇಕು ಅನ್ನೋದು ಸುಳ್ಳಲ್ಲ.

ಪೊನ್ನಂಪೇಟೆಯಿಂದ:
ಸುಳ್ಳಲ್ಲ. ಅದಕ್ಕೇ ಪುಟ ಸಂಖ್ಯೆ ಕೇಳಿದ್ದು. ಇಡೀ ಲೇಖನ ಓದಬೇಕಾಗಿಲ್ಲ, ಆ ಪುಟ ತೆರೆದರೆ ಸಾಕು. ಹತ್ತು ಹನ್ನೆರಡು ಸಾಲು ತುಂಬುವ ತನಕ ಒಡೆಯೋದು, ಕೂಡಿಸೋದು ನಡೀಲಿ. ಆಮೇಲೆ ನಿಲ್ಲಿಸಿ, ಇಲ್ಲದಿದ್ದರೆ ಕೋಷ್ಟಕ ಮಾಡೋದರಲ್ಲೇ ವರ್ಷ ಕಳೆಯುತ್ತೆ.

ಕುಶಾಲನಗರದಿಂದ:
ಸ್ವಲ್ಪ ಕೈಕೆಲಸದ ಮಾತು. ಎಕ್ಸೆಲ್‌ನಲ್ಲಿ ಸೆಲ್ ಒಳಗೇ ಹೊಸ ಸಾಲು ಬೇಕಾದರೆ `Alt+Enter`, ಲಿಬ್ರೆ ಆಫೀಸ್‌ನಲ್ಲಿ `Ctrl+Enter`. ಬಲಕ್ಕೆ ಸರಿದಾಗ ಮೂಲದ ಹೆಸರು ಕಣ್ಮರೆಯಾಗದ ಹಾಗೆ `Freeze Panes` ಹಾಕಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ನಂಬೋ ಹಾಗಿಲ್ಲ. ನಾನು ಚಾರ್ಟ್ ಪೇಪರ್ ಮೇಲೆ ಗೆರೆ ಎಳೆದು ಚೀಟಿ ಅಂಟಿಸಿದ್ದೆ. ಒಂದು ಕಾಲಂನಲ್ಲಿ ಚೀಟಿ ಮೇಲೆ ಚೀಟಿ ಬಿದ್ದರೆ, ಅದನ್ನು ಒಡೆಯೋ ಹೊತ್ತು ಬಂತು ಅಂತ ದೂರದಿಂದಲೇ ಗೊತ್ತಾಗುತ್ತೆ.

ಮಡಿಕೇರಿಯಿಂದ:
ಇನ್ನೊಂದು ಸಂಶಯ. 2005ರಲ್ಲಿ ಒಂದೇ ತಂಡದ ಎರಡು ಲೇಖನ ಬಂದಿವೆ. ದೇವರಕಾಡು, ಕಾಫಿ ತೋಟ, ಮೀಸಲು ಅರಣ್ಯ ಮೂರನ್ನೂ ಹೋಲಿಸಿ ಮರ, ಹಕ್ಕಿ, ಅಣಬೆ ನೋಡಿದ್ದಾರೆ. ಎರಡು ಸಾಲು ಮಾಡಲೋ, ಒಂದೇ ಮಾಡಲೋ?

ಪೊನ್ನಂಪೇಟೆಯಿಂದ:
ಎರಡು ಸಾಲು ಮಾಡಿ, ಆದರೆ ಕೆಳಗೆ ಮೇಲೆ ಪಕ್ಕಪಕ್ಕದಲ್ಲೇ ಇಡಿ. ಎರಡರಲ್ಲೂ ವಿಧಾನದ ಭಾಗ ಓದಿ, ಜಾಗಗಳು ಅವೇನಾ ಅಂತ ನೋಡಿ. ಅವೇ ಆಗಿದ್ದರೆ ಎಡಗಡೆ 'ಒಂದೇ ಕ್ಷೇತ್ರಕಾರ್ಯ' ಅಂತ ಗುರುತು ಹಾಕಿ. ಪ್ಯಾರಾ ಬರೆಯುವಾಗ "ಹಲವು ಅಧ್ಯಯನಗಳು ತೋರಿಸಿವೆ" ಅನ್ನೋ ಆಸೆ ಬರುತ್ತೆ. ಆ ಗುರುತು ಕೈ ಹಿಡಿಯುತ್ತೆ.

ಇದರ ಜೊತೆ ಸ್ಥಳದ ಕಾಲಂ ಕೂಡ ನೋಡ್ತಾ ಇರಿ. 1976ರಲ್ಲಿ ಗಾಡ್ಗೀಳ್ ಮತ್ತು ವರ್ತಕ್ ಪಶ್ಚಿಮ ಘಟ್ಟದ ದೇವರಕಾಡುಗಳ ಮೇಲೆ ಬರೆದ ಲೇಖನವನ್ನು ಎಲ್ಲರೂ ಉದಾಹರಿಸ್ತಾರೆ. ಅದರ ಒತ್ತು ಮಹಾರಾಷ್ಟ್ರದ ಮೇಲೆ. ಪೂಜೆ, ನಿಷೇಧ ಮುಂತಾದ ಕಾಲಂನಲ್ಲಿ ಅದಕ್ಕೆ ಜಾಗ ಇದೆ. ಕೊಡಗಿನಲ್ಲಿ ಎಷ್ಟು ಎಕರೆ ಅನ್ನೋ ಕಾಲಂನಲ್ಲಿ ಗೆರೆ ಎಳೆಯಿರಿ.

ಮಡಿಕೇರಿಯಿಂದ:
'ಎಷ್ಟು, ಯಾರು ಅಳೆದರು' ಕಾಲಂ ಕೆಳಗೆ ಓದಿ ಹೀಗೆ ಬರೆದೆ, ನೋಡಿ: "1905 ಮತ್ತು 1985ರ ನಡುವೆ ದೇವರಕಾಡುಗಳ ವಿಸ್ತೀರ್ಣ ಸುಮಾರು ಶೇ. 59 ಕಡಿಮೆಯಾಗಿದೆ ಎಂಬ ಅಂಕಿ ಹಲವು ಬರಹಗಳಲ್ಲಿ ಬರುತ್ತದೆ. ಆದರೆ ಎಕರೆಯಲ್ಲೂ ಹೆಕ್ಟೇರಿನಲ್ಲೂ ಸಿಗುವ ಈ ಲೆಕ್ಕಗಳು ಒಂದೇ ಮೂಲದಿಂದ ಬಂದಂತೆ ಕಾಣುತ್ತವೆ. ಎರಡೂ ವರ್ಷ ಆಡಳಿತ ಬದಲಾದ ವರ್ಷಗಳು, ಹಾಗಾಗಿ ಇಳಿಕೆಯ ವೇಗ ಇದರಿಂದ ತಿಳಿಯುವುದಿಲ್ಲ."

ಪೊನ್ನಂಪೇಟೆಯಿಂದ:
ಚೆನ್ನಾಗಿದೆ. ಮೊದಲು ಎಣಿಸಿದ ದಾಖಲೆ ಸಿಗೋ ತನಕ 'ಕಾಣುತ್ತವೆ' ಹಾಗೇ ಇರಲಿ.

ವಿರಾಜಪೇಟೆಯಿಂದ:
ನಂದೊಂದು ಪ್ರಶ್ನೆ. ನಾನು ಊರಿನ ಮುಖಂಡರಾದ ತಕ್ಕರ ಹತ್ತಿರ ಕೂತು ಮಾತಾಡಿ ಬರೆದುಕೊಂಡದ್ದಿದೆ. ಒಬ್ಬರು ತಮ್ಮೂರಿನ ಕಾಡಿನ ಗಡಿ ಎಲ್ಲಿತ್ತು, ಯಾವ ಹಬ್ಬಕ್ಕೆ ಯಾರು ಒಳಗೆ ಹೋಗಬಹುದು ಅಂತ ಪುಸ್ತಕಕ್ಕಿಂತ ವಿವರವಾಗಿ ಹೇಳಿದರು. ಅವರಿಗೂ ಮ್ಯಾಟ್ರಿಕ್ಸ್‌ನಲ್ಲಿ ಒಂದು ಸಾಲು ಕೊಡಬಹುದಲ್ವಾ?

ಪೊನ್ನಂಪೇಟೆಯಿಂದ:
ನನ್ನ ಪ್ರಕಾರ ಬೇಡ. ಅದು ನಿಮ್ಮ ಸ್ವಂತ ಮಾಹಿತಿ, ಓದಿದ ಸಾಹಿತ್ಯ ಅಲ್ಲ. ಅದಕ್ಕೆ ಬೇರೆ ಶೀಟ್ ಮಾಡಿ, ಕಾಲಂ ಹೆಸರು ಮಾತ್ರ ಅವೇ ಇಟ್ಟುಕೊಳ್ಳಿ. ಆಗ ಪುಸ್ತಕ ಏನಂತು, ಊರು ಏನಂತು ಅಂತ ಎದುರುಬದುರು ಇಟ್ಟು ನೋಡಬಹುದು.

ವಿರಾಜಪೇಟೆಯಿಂದ:
ಹಾಗೆ ಬೇರೆ ಮಾಡಿದ ಕೂಡಲೇ ತಕ್ಕರ ಮಾತು ಪುಸ್ತಕಕ್ಕಿಂತ ಕೆಳಗೆ ಬಿದ್ದ ಹಾಗಾಯ್ತಲ್ಲ, ಮೇಡಂ. 'ಕಾಯೋದು ಯಾರು' ಕಾಲಂನಲ್ಲಿ ಅವರೇ ಮೂಲ. ನನ್ನ ಗೈಡ್ ಒಂದೇ ಶೀಟ್‌ನಲ್ಲಿ ಬಣ್ಣ ಬದಲಾಯಿಸಿ ಇಡು ಅಂದಿದ್ದಾರೆ.

ಪೊನ್ನಂಪೇಟೆಯಿಂದ:
ಬಣ್ಣ ಹಾಕಿದರೂ ಆಗುತ್ತೆ. ಆದರೆ ಫಿಲ್ಟರ್ ಹಾಕಿದಾಗ ಬಣ್ಣ ಮರೆತುಹೋಗೋದು ನೋಡಿದ್ದೇನೆ. 'ಬಗೆ' ಅಂತ ಒಂದು ಕಾಲಂ ಇಟ್ಟು 'ಲೇಖನ', 'ದಾಖಲೆ', 'ಮಾತುಕತೆ' ಅಂತ ಬರೆದರೆ ಹೆಚ್ಚು ಸುರಕ್ಷಿತ. ಉಳಿದದ್ದು ನಿಮ್ಮ ಗೈಡ್‌ಗೆ ಬಿಟ್ಟದ್ದು, ನಾನು ಒಪ್ಪಿದೆ ಅಂತ ಅನ್ಕೋಬೇಡಿ.

ಸೋಮವಾರಪೇಟೆಯಿಂದ:
ನನ್ನ ಸಿಲ್ವರ್ ಓಕ್ ಟ್ಯಾಗ್ ತೆರೆದು ನೋಡಿದೆ. ಅದರಲ್ಲಿರೋದರಲ್ಲಿ ಎಷ್ಟು 'ಸ್ವ', ಎಷ್ಟು 'ಉ' ಅಂತ ಜೊಟೆರೊ ಹೇಳಲ್ಲ. ಕುಶಾಲನಗರದವರೇ, ಚಾರ್ಟ್ ಪೇಪರ್ ಎಷ್ಟು ದೊಡ್ಡದು ಬೇಕಾಗುತ್ತೆ?