ರೂಟ್ ಕೆನಾಲ್ ಆದ ಹಲ್ಲಲ್ಲೇ ಮತ್ತೆ ಗುಳ್ಳೆ: ಒಬ್ಬರು ಕ್ಯಾಪ್ ತೆಗೆಸಿ ಅಂತಾರೆ, ಇನ್ನೊಬ್ಬರು ಬೇರಿನ ತುದಿ ಕೊಯ್ಸಿ ಅಂತಾರೆ

ಮೂಡಿಗೆರೆ_ಮಳೆ:
ಮೇಲಿನ ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲಿಗೆ 3 ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ, ಜಿರ್ಕೋನಿಯಾ ಕ್ಯಾಪ್ ಹಾಕಿಸಿದ್ದೆ. ಈಗ ಅದರ ಮೇಲಿನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ. ಒತ್ತಿದರೆ ಉಪ್ಪುಪ್ಪು ಕೀವು ಬರುತ್ತದೆ, ನಾಲ್ಕು ದಿನ ಮಾಯ, ಮತ್ತೆ ಹಾಜರ್. ನೋವು ಅಂತೇನಿಲ್ಲ. ಎಕ್ಸ್‌ರೇಯಲ್ಲಿ ಮುಂದಿನ ಬೇರಿನ ತುದಿಗೆ ಕಪ್ಪು ನೆರಳಿದೆ. ಚಿಕ್ಕಮಗಳೂರಿನಲ್ಲಿ ಒಬ್ಬರು ಹಳೇದನ್ನು ತೆಗೆದು ಮತ್ತೆ ಮಾಡೋಣ ಅಂದರು. ಇನ್ನೊಬ್ಬರು, ಕ್ಯಾಪ್ ಚೆನ್ನಾಗಿದೆ, ಮೇಲಿಂದ ವಸಡು ಬಿಡಿಸಿ ತುದಿ ಕತ್ತರಿಸೋಣ ಅಂದರು. ಯಾರ ಮಾತು ಕೇಳಲಿ?

ಕೆಎಂ_ರೋಡ್:
ಸುಮ್ನೆ ಸರ್ಜರಿ ಮಾಡಿಸಿ. ಒಂದ್ಸಲ ಕೆಟ್ಟಿದ್ದನ್ನೇ ಮತ್ತೆ ಮಾಡಿದರೆ ಏನು ಬಂತು? ನೆರಳು ಅಂದರೆ ಸಿಸ್ಟ್, ನೀರು ತುಂಬಿದ ಚೀಲ. ಸಿಸ್ಟ್ ಕೊಯ್ಯದೆ ಹೋಗಲ್ಲ.

ಹಾಸನ_ಹಲ್ಲು:
ನಾನು ಇದೇ ಕೆಲಸದಲ್ಲಿದ್ದೇನೆ. ಕೆಎಂ ರೋಡ್ ಅವರ ಮಾತು ಅರ್ಧ ಸರಿ. ಕೆಲವು ಸಿಸ್ಟ್‌ಗಳು ಒಳಗಿಂದ ಎಷ್ಟು ತೊಳೆದರೂ ಹೋಗಲ್ಲ, ನಿಜ. ಆದರೆ ಎಕ್ಸ್‌ರೇ ನೋಡಿ ಇದು ಸಿಸ್ಟೇ ಅಂತ ಹೇಳೋಕಾಗಲ್ಲ. ಅದು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಗೊತ್ತಾಗುವುದು. ನೆರಳು ಬರೀ ಹೊಗೆ, ಬೆಂಕಿ ಬೇರಿನ ಒಳಗಿದೆ.

ಮೂರು ವಿಷಯ ಹೇಳಿ. ಎಕ್ಸ್‌ರೇಯಲ್ಲಿ ಎಷ್ಟು ಬಿಳಿ ಗೆರೆ, ಅಂದರೆ ತುಂಬಿದ ಕಾಲುವೆ, ಕಾಣುತ್ತವೆ? ಒಳಗೆ ಪೋಸ್ಟ್, ಅಂದರೆ ಆಧಾರಕ್ಕೆ ಬೇರಿನೊಳಗೆ ಕೂರಿಸುವ ಕಡ್ಡಿ, ಇದೆಯಾ? ವಸಡಿನ ಸುತ್ತ ಕಡ್ಡಿಯಿಂದ ಅಳೆದಾಗ ಒಂದೇ ಕಡೆ ಆಳಕ್ಕೆ ಇಳಿಯಿತಾ? ಹಾಗೆ ಒಂದೇ ಜಾಗದಲ್ಲಿ ಕಿರಿದಾಗಿ ಆಳ ಇಳಿದರೆ ಬೇರು ಸೀಳಿರುವ ಅನುಮಾನ. ಸೀಳಿದ್ದರೆ ಎರಡೂ ದಾರಿ ಬಂದ್, ಹೆಚ್ಚಾಗಿ ಹಲ್ಲು ತೆಗೆಯುವುದೇ.

ಮೂಡಿಗೆರೆ_ಮಳೆ:
ಗೆರೆ ಮೂರು. ಪೋಸ್ಟ್ ಇಲ್ಲ. ಸುತ್ತಲೂ 3 ಮಿ.ಮೀ. ಅಂತ ಬರೆದಿದ್ದಾರೆ. ಗುಳ್ಳೆಯ ತೂತಿನಲ್ಲಿ ಗುಲಾಬಿ ಬಣ್ಣದ ಸಣ್ಣ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದಿದ್ದರು. ಅದು ನೇರ ಮುಂದಿನ ಬೇರಿಗೇ ಹೋಗಿ ನಿಂತಿದೆ.

ಬೇಲೂರು_ಬೈಕು:
ನನಗೆ ಸರ್ಜರಿಯೇ ಮಾಡಿದ್ದು, ಏನೂ ತೊಂದರೆ ಇಲ್ಲ. ಬೈಕಿಂದ ಬಿದ್ದು ಮುಂದಿನ ಹಲ್ಲು ಮುರಿದಿತ್ತು. ಒಳಗೆ ಲೋಹದ ಪೋಸ್ಟ್. ಅದನ್ನು ಕೀಳಲು ಹೋದರೆ ಬೇರೇ ಸೀಳಬಹುದು ಅಂದರು. ತುಟಿ ಮೇಲೆತ್ತಿ, ತುದಿ ಕತ್ತರಿಸಿ, ಹೊಲಿಗೆ ಹಾಕಿದರು. ಎರಡು ದಿನ ಮುಖ ಇಡ್ಲಿ ಥರ ಊದಿತ್ತು, ಅಷ್ಟೇ. ವರ್ಷದ ಎಕ್ಸ್‌ರೇಯಲ್ಲಿ ಮೂಳೆ ತುಂಬಿಕೊಂಡಿದೆ.

ಹಾಸನ_ಹಲ್ಲು:
ನಿಮ್ಮದು ಸರಿಯಾದ ಆಯ್ಕೆ. ಹಲ್ಲಿನ ಒಳಗಿಂದ ದಾರಿ ಇರಲಿಲ್ಲ, ಮುಂದಿನ ಹಲ್ಲಾದ್ದರಿಂದ ತುದಿ ಕೈಗೆ ಸಿಗುವಂತಿತ್ತು. ಮೂಡಿಗೆರೆಯವರದ್ದು ಬೇರೆ ಕತೆ.

ಈ ಹಲ್ಲಿನ ಮುಂದಿನ ಬೇರು ದುಂಡಗಿರಲ್ಲ, ಚಪ್ಪಟೆ. ಅದರಲ್ಲಿ ಹೆಚ್ಚಿನವರಿಗೆ ಎರಡು ಕಾಲುವೆ ಇರುತ್ತವೆ. ಎರಡನೆಯದರ ಬಾಯಿ ಕೂದಲೆಳೆಯಷ್ಟು, ಅದೂ ಹಲ್ಲಿನದೇ ಒಂದು ದಿಬ್ಬದ ಕೆಳಗೆ ಅಡಗಿರುತ್ತದೆ. ನಿಮಗೆ ಮೂರೇ ಗೆರೆ, ಕಡ್ಡಿ ಹೋಗಿದ್ದೂ ಅದೇ ಬೇರಿಗೆ. ನನಗೆ ಅನುಮಾನ ಅಲ್ಲೇ. ಮಾಮೂಲಿ ಎಕ್ಸ್‌ರೇಯಲ್ಲಿ ಒಂದರ ಹಿಂದೆ ಒಂದು ಬಂದು ಗೆರೆ ಸೇರಿಯೂ ಹೋಗಬಹುದು, ಹಾಗಾಗಿ ಅಷ್ಟೇ ಭಾಗಕ್ಕೆ ಸಿಬಿಸಿಟಿ ಎಂಬ 3ಡಿ ಸ್ಕ್ಯಾನ್ ಮಾಡಿಸಿ. ಬೇರನ್ನು ಅಡ್ಡ ಕೊಯ್ದಂತೆ ತೋರಿಸುವ ಚಿತ್ರದಲ್ಲಿ ಬಿಳಿ ಚುಕ್ಕೆ ನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ, ಇನ್ನೊಂದು ಬದಿಯಲ್ಲಿ ಮುಟ್ಟದ ಕಾಲುವೆ ಇದೆ ಅಂತ.

ಸರ್ಜರಿಯಲ್ಲಿ ತುದಿಯ 3 ಮಿ.ಮೀ. ಕತ್ತರಿಸಿ, ಕೊರೆದು, ಎಂಟಿಎ ಸಿಮೆಂಟ್ ತುಂಬುತ್ತಾರೆ. ಕಾಲುವೆ ಜಾಸ್ತಿ ಕವಲೊಡೆಯುವುದು ಆ 3 ಮಿ.ಮೀ.ನಲ್ಲೇ. ಆದರೆ ಮಿಕ್ಕ ಉದ್ದಕ್ಕೂ ಕೊಳೆತದ್ದು ಒಳಗೇ ಉಳಿಯಿತಲ್ವಾ? ಸೀಲ್ ಸ್ವಲ್ಪ ಸಡಿಲವಾದರೂ ಗುಳ್ಳೆ ವಾಪಸ್. ಮೊದಲ ಸಲ ಎಲ್ಲ ಕಾಲುವೆಯೂ ಚೆನ್ನಾಗಿ ತುಂಬಿ ಆಮೇಲೂ ವಾಸಿಯಾಗದಿದ್ದರೆ, ಅಥವಾ ಕಾಲುವೆ ಕೆರೆಯುವ ಸೂಜಿಯಂಥ ಫೈಲ್ ಮುರಿದು ತುದಿಯಲ್ಲಿ ಕೂತಿದ್ದರೆ, ನಾನೂ ಸರ್ಜರಿ ಅನ್ನುತ್ತಿದ್ದೆ.

ಮೂಡಿಗೆರೆ_ಮಳೆ:
ಬಹಳ ದಿನ ಆಯ್ತು, ಅಪ್‌ಡೇಟ್ ಕೊಡುತ್ತೇನೆ. ಸ್ಕ್ಯಾನಿನಲ್ಲಿ ಚುಕ್ಕೆ ಕೆನ್ನೆಯ ಕಡೆಗೇ ಸರಿದಿತ್ತು. ಕ್ಯಾಪ್ ತೆಗೆಯಲಿಲ್ಲ, ನಡುವೆ ತೂತು ಕೊರೆದರು. ಮೈಕ್ರೋಸ್ಕೋಪ್ ಇಟ್ಟು ಕೆರೆದೂ ಕೆರೆದೂ ಮುಕ್ಕಾಲು ಗಂಟೆಗೆ ನಾಲ್ಕನೇದು ಸಿಕ್ಕಿತು. ಫೈಲ್ ಹೊರಗೆ ಬಂದಾಗ ನಾತ ನನಗೇ ಬಡಿಯಿತು! ಸುಣ್ಣದಂಥ ಬಿಳಿ ಔಷಧಿ ತುಂಬಿ ಕಳಿಸಿದರು. ಎರಡು ವಾರಕ್ಕೆ ಗುಳ್ಳೆ ಒಣಗಿತು, ಆಮೇಲೆ ಪಕ್ಕಾ ತುಂಬಿದರು. ಈಗ 6 ತಿಂಗಳು. ಗುಳ್ಳೆ ಬಂದಿಲ್ಲ, ನೆರಳು ಮಾತ್ರ ಚಿಕ್ಕದಾಗಿ ಉಳಿದಿದೆ.

ಕೆಎಂ_ರೋಡ್:
ಉಳಿದಿದೆ ತಾನೇ? ನಾನು ಹೇಳಿದ್ದು ಅದೇ.

ಹಾಸನ_ಹಲ್ಲು:
ಕುಗ್ಗುತ್ತಿದೆಯಲ್ಲ ಸರ್. ಮೂಳೆ ತುಂಬಲು ವರ್ಷ ಬೇಕು, ಕೆಲವರಿಗೆ ನಾಲ್ಕು ವರ್ಷವೂ ಹಿಡಿಯುತ್ತದೆ. ವರ್ಷಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸಿ. ದೊಡ್ಡದಾದರೆ ಅಥವಾ ಗುಳ್ಳೆ ಮರಳಿದರೆ ಆಗ ತುದಿ ಕೊಯ್ಯುವ ಮಾತು. ಆಗ ಒಳಗೆ ಕೊಳೆ ಇಲ್ಲದ ಬೇರನ್ನು ಕೊಯ್ದಂತಾಗುತ್ತದೆ. ಅಂದಹಾಗೆ, ಕ್ಯಾಪಿನ ತೂತು ಏನು ಮಾಡಿದರು?

ಮೂಡಿಗೆರೆ_ಮಳೆ:
ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದ್ದಾರೆ. ಹೊಸ ಕ್ಯಾಪ್ ಬೇಡ ಅಂದರು.

ಹಾಸನ_ಹಲ್ಲು:
ನಾನಾಗಿದ್ದರೆ ಬದಲಾಯಿಸುತ್ತಿದ್ದೆ, ಕೊರೆದ ಜಿರ್ಕೋನಿಯಾ ಬಿರುಕು ಬಿಡುವ ಭಯ ನನಗೆ. ಅವರು ಅಂಚು ಬಿಗಿಯಾಗಿದೆ ಅಂತ ಬಿಟ್ಟಿರಬೇಕು. ಇದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ.