ಅಪ್‌ಡೇಟ್: ಸ್ಖಲನದ ನೋವಿಗೆ ಕಾರಣ ಸಿಕ್ಕಿತು

ನನ್ನ ಹಳೆಯ ಪ್ರಶ್ನೆ: "ವೀರ್ಯ ಹೊರಬರುವಾಗ ವೃಷಣ, ಗುದದ್ವಾರದ ಮಧ್ಯೆ ಚುಚ್ಚಿದಂತೆ ನೋವು, ಆಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಇನ್ಫೆಕ್ಷನ್ನಾ?"

ಇನ್ಫೆಕ್ಷನ್ ಅಲ್ಲ. ಯೂರಾಲಜಿಸ್ಟ್ ಮೊದಲು ಮೂತ್ರದ ಕಲ್ಚರ್ ಮಾಡಿಸಿದರು, ಲೈಂಗಿಕ ಸೋಂಕಿನ ಟೆಸ್ಟನ್ನೂ ಮಾಡಿಸಿದರು, ಯಾಕೆಂದರೆ ಇಂಥ ನೋವಿಗೆ ಪ್ರಾಸ್ಟೇಟ್ ಅಥವಾ ಮೂತ್ರನಾಳದ ಸೋಂಕು ಸಾಮಾನ್ಯ ಕಾರಣವಂತೆ. ಎರಡೂ ಕ್ಲೀನ್. ಖಿನ್ನತೆಯ ಮಾತ್ರೆ ತಗೊಳ್ತೀರಾ ಅಂತಲೂ ಕೇಳಿದರು, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದಂತೆ. ಇಲ್ಲ ಎಂದೆ.

ವೀರ್ಯ ಕಡಿಮೆ ಬರುತ್ತಿದೆ ಎಂದಾಗಲೇ ಅವರಿಗೆ ಬೇರೆ ಅನುಮಾನ ಬಂತು. ವೀರ್ಯ ಪರೀಕ್ಷೆಯಲ್ಲಿ ಪ್ರಮಾಣ 1 ಎಂಎಲ್‌ಗಿಂತ ಕಡಿಮೆ (1.5ರ ಆಸುಪಾಸಾದರೂ ಇರಬೇಕು), ಫ್ರಕ್ಟೋಸ್ ಇಲ್ಲವೇ ಇಲ್ಲ. ಆ ಸಕ್ಕರೆ ಬರುವುದು ವೀರ್ಯಕೋಶದಿಂದ, ಅಂದರೆ ವೀರ್ಯದ ದ್ರವ ತಯಾರಿಸುವ ಪುಟ್ಟ ಚೀಲದಿಂದ. ಅದಿಲ್ಲ ಅಂದರೆ ಅಲ್ಲಿಂದ ಬರುವ ದ್ರವ ದಾರಿಯಲ್ಲೇ ನಿಂತಿರಬಹುದು, ಸ್ಖಲನದ ಒತ್ತಡಕ್ಕೆ ನೋವು ಬರುವುದೂ ಅದಕ್ಕೇ. ಗುದದ್ವಾರದ ಮೂಲಕ ಅಲ್ಟ್ರಾಸೌಂಡ್ ಮಾಡಿದರು (ಮುಜುಗರ ಜಾಸ್ತಿ, ನೋವು ಕಡಿಮೆ). ಪ್ರಾಸ್ಟೇಟ್ ಒಳಗೆ, ಎರಡು ಸ್ಖಲನ ನಾಳಗಳ ನಡುವೆ ಒಂದು ಸಿಸ್ಟ್, ಅದು ಎರಡನ್ನೂ ಒತ್ತಿದೆ. ವೀರ್ಯಕೋಶಗಳು ಊದಿಕೊಂಡಿವೆ.

ಮೂತ್ರನಾಳದ ಮೂಲಕ ಹೋಗಿ ಸಿಸ್ಟ್ ತೆರೆಯುವ ಆಪರೇಷನ್‌ಗೆ ದಿನ ಗೊತ್ತಾಗಿದೆ. ನಂತರ ಮೂತ್ರವು ಸ್ಖಲನ ನಾಳದೊಳಕ್ಕೆ ಹಿಮ್ಮುಖವಾಗಿ ನುಗ್ಗುವ ಸಾಧ್ಯತೆ ಇದೆ, ವೃಷಣದ ಹಿಂಭಾಗ ಊದಿದರೆ ತಕ್ಷಣ ಬನ್ನಿ ಎಂದಿದ್ದಾರೆ.