ಸಹಾಯ ಬೇಕು: ಸಪ್ಲೈಯರ್ ಹತ್ತಿರ ಹೆಚ್ಚು ದಿನದ ಉದ್ದರಿ ಕೇಳುವುದು ಹೇಗೆ?

ನಮಸ್ಕಾರ. ನನ್ನದು ಚಿಕ್ಕ ಅಂಗಡಿ. ಮುಖ್ಯ ಸಪ್ಲೈಯರ್ ಬಿಲ್ ಆದ 7 ದಿನಕ್ಕೆ ಹಣ ಕೇಳುತ್ತಾರೆ. ಅವರ ಮಾಲು ಪೂರ್ತಿ ಖಾಲಿಯಾಗಲು ಸುಮಾರು 30 ದಿನ ಬೇಕು. ನಡುವಿನ 23 ದಿನ ನನ್ನ ದುಡ್ಡು ಮಾಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲದಕ್ಕೂ 30 ದಿನ ಕೇಳಿದೆ, ಒಪ್ಪಲಿಲ್ಲ. ನನ್ನ ಆರ್ಡರ್ ಸಣ್ಣದು, ನಾನು ಬಿಟ್ಟರೂ ಅವರಿಗೆ ನಷ್ಟವಿಲ್ಲ ಅಲ್ವಾ.

ಈಗ ಬೇರೆ ಯೋಚನೆ ಮಾಡಿದ್ದೇನೆ. ಬೇಗ ಓಡುವ ಮಾಲಿಗೆ 7 ದಿನವೇ ಇರಲಿ. ನಿಧಾನಕ್ಕೆ ಹೋಗುವ ಮಾಲಿಗೆ ಮಾತ್ರ 21 ದಿನ ಕೇಳುವುದು. ಅವರ ಭಯ ದುಡ್ಡು ಮುಳುಗೀತು ಅನ್ನುವುದು. ಅದಕ್ಕೆ ಬಾಕಿಗೊಂದು ಮಿತಿ ನಾನೇ ಹೇಳಿ, ಕಳೆದ ವರ್ಷದ ಬಿಲ್‌ಗಳನ್ನು ಯಾವ ಯಾವ ದಿನ ತೀರಿಸಿದೆ ಎಂಬ ಪಟ್ಟಿ ತೋರಿಸುತ್ತೇನೆ.

ಹೀಗೆ ಕೇಳಿ ಒಪ್ಪಿಸಿದವರು ಇದ್ದೀರಾ? ಸಪ್ಲೈಯರ್ ದಿನ ಜಾಸ್ತಿ ಕೊಟ್ಟು, ಅದರ ಖರ್ಚನ್ನು ಸುಮ್ನೆ ರೇಟ್‌ನಲ್ಲಿ ಸೇರಿಸಿಬಿಟ್ಟಾಗ ಏನು ಮಾಡಿದಿರಿ?